ಐನೂರರಲ್ಲಿ ಹದಿಮೂರು

ಕಂಪ್ಯೂಟರಿನ ಮುಂದೆ ಕೂತಾಗ ಅಮೃತೇಶನಿಗೆ ಬರುತ್ತಿದ್ದ ಧೈರ್ಯ ಮನುಷ್ಯರ ಮುಂದೆ ನಿಂತಾಗ ಬರುತ್ತಿರಲಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಮಾಡುವ ಕಾರ್ಖಾನೆಯೊಂದಿದೆ. ಹೊರಗಿನಿಂದ ಬಂದ ಮಾಲು ಸರಿಯಿದೆಯೋ ಇಲ್ಲವೋ ನೋಡಿ ಒಳಗೆ ಬಿಡುವುದು ಅಲ್ಲಿ ಅವನ ಕೆಲಸ. ಕೆಲಸವೇನೋ ದೊಡ್ಡದೇ. ಆದರೆ ಎದುರಿಗೆ ನಿಂತವರಿಗೆ 'ಆಗಲ್ಲ' ಎನ್ನಬೇಕಾದರೆ ಈ ಪುಣ್ಯಾತ್ಮನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆದ್ದರಿಂದ ಆ ಮಾತನ್ನು ಆಡುವ ಹೊಣೆಯನ್ನು ಅವನು ಕಂಪ್ಯೂಟರಿಗೆ ವಹಿಸಿದ್ದ.

ಎಕ್ಸೆಲ್ಲಿನಲ್ಲಿ ಅವನೇ ಒಂದು ಹಾಳೆ ಮಾಡಿಟ್ಟಿದ್ದ. ಎಷ್ಟು ನಗ ನೋಡಿದೆವು, ಅದರಲ್ಲಿ ಎಷ್ಟು ಕೆಟ್ಟಿದ್ದವು, ಮಾಲು ಕೊಟ್ಟವರು ನೂರಕ್ಕೆ ಎಷ್ಟು ಕೆಡಬಹುದೆಂದು ಒಪ್ಪಿದ್ದರು, ಈ ಮೂರನ್ನು ತುಂಬಿದರೆ ಸಾಕು. ಬೈನಾಮಿಯಲ್ ಸೂತ್ರ ಒಳಗೊಳಗೇ ಲೆಕ್ಕ ಹಾಕಿ, ಒಪ್ಪಿದಷ್ಟೇ ಒಳ್ಳೆಯದಾದ ಮಾಲಿನಲ್ಲಿ ಹೀಗಾಗುವ ಸಾಧ್ಯತೆ ನೂರಕ್ಕೆ ಇಷ್ಟು ಎಂದು ಹೇಳುತ್ತಿತ್ತು. ಹತ್ತಕ್ಕಿಂತ ಕಡಿಮೆ ಬಂದರೆ ಹಾಳೆಯಲ್ಲಿ ಉತ್ತರ ಮೂಡುವ ಚೌಕದ ಮನೆ ಕೆಂಪಾಗುತ್ತಿತ್ತು, ಇಲ್ಲವಾದರೆ ಹಸಿರು. ಕೆಂಪೆಂದರೆ ಇಷ್ಟು ಕೆಟ್ಟದ್ದು ಬರೀ ಆಕಸ್ಮಿಕವಲ್ಲ, ಮಾಲೇ ಒಪ್ಪಿದ್ದಕ್ಕಿಂತ ಕಳಪೆ, ವಾಪಸ್ಸು ಕಳಿಸಿ ಎಂದರ್ಥ. ಯಾರಾದರೂ ಜಗಳಕ್ಕೆ ಬಂದರೆ ಅಮೃತೇಶ ಪರದೆಯನ್ನು ಅವರ ಕಡೆ ತಿರುಗಿಸಿ ಸುಮ್ಮನಾಗುತ್ತಿದ್ದ. ಕೆಂಪು ಬಣ್ಣದ ಜೊತೆ ಜಗಳವಾಡುವವರು ಯಾರು?

ಆ ಕಾರ್ಖಾನೆಗೆ ವೈರು ಕೊಡುತ್ತಿದ್ದವಳು ತಿ. ನರಸೀಪುರದ ಪುಟ್ಟಲಕ್ಷ್ಮಿ. ವೈರಿನ ತುಂಡಿನ ಎರಡೂ ತುದಿಗೆ ಲಗ್ಗು ಎಂಬ ತಾಮ್ರದ ಪುಟ್ಟ ಕೊಂಡಿ ಸಿಕ್ಕಿಸಿ, ಇಕ್ಕಳದಂಥ ಉಪಕರಣದಿಂದ ಒತ್ತಿ ಕಚ್ಚಿಸುವ ಕೆಲಸ. ಒತ್ತಿದ್ದು ಸಡಿಲವಾದರೆ ಎಳೆದಾಗ ಲಗ್ಗು ಕಿತ್ತು ಬರುತ್ತದೆ, ಅಂಥ ವೈರು ಡಬ್ಬಿಯೊಳಗೆ ಹೋದರೆ ಯಾವುದೋ ರೈತನ ಮೋಟಾರು ಸುಟ್ಟು ಕೂರುತ್ತದೆ. ಹಿಂದೆ ಪುಟ್ಟಲಕ್ಷ್ಮಿ ಅದೇ ಕಾರ್ಖಾನೆಯಲ್ಲಿದ್ದವಳು. ತಾಂಡವಪುರದಿಂದ ಡಿಪ್ಲೊಮಾ ಕಾಗದ ಹಿಡಿದು ಬಂದ ಅಮೃತೇಶನಿಗೆ ಮೊದಲು ಇಕ್ಕಳ ಹಿಡಿಯಲು ಕಲಿಸಿದವಳೂ ಅವಳೇ. ಕಾರ್ಖಾನೆ ಆ ವಿಭಾಗ ಮುಚ್ಚಿದಾಗ ಅವಳು ಊರಲ್ಲಿ ಶೆಡ್ಡು ಹಿಡಿದು, ನಾಲ್ಕಾರು ಹೆಂಗಸರನ್ನು ಸೇರಿಸಿಕೊಂಡು, ಅದೇ ಕೆಲಸವನ್ನು ಅಲ್ಲಿಂದ ಮಾಡಿಕೊಡತೊಡಗಿದಳು. ಮೊದಲು ಬಂದು ಸೇರಿದವಳು ಅವಳ ಚಿಕ್ಕವ್ವ ಚನ್ನಾಜಮ್ಮ. ಅಮೃತೇಶ ಪುಟ್ಟಲಕ್ಷ್ಮಿಯನ್ನು 'ಅಕ್ಕ' ಎನ್ನುತ್ತಿದ್ದ, ಅವಳು ಇವನನ್ನು 'ಏನ್ಲಾ ಅಮೃತೇಸ' ಎನ್ನುತ್ತಿದ್ದಳು. ನೂರಕ್ಕೆ ಎರಡು ಕೆಡಬಹುದು, ಅದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳುತ್ತೇನೆ ಎಂದು ಅವಳು ಒಪ್ಪಿದ್ದಳು, ಹಾಗೆಯೇ ನಡೆಸಿಕೊಂಡೂ ಬಂದಿದ್ದಳು.

ಪ್ರತಿ ಮಾಲಿನಲ್ಲೂ ಇಪ್ಪತ್ತು ವೈರು ಹೆಕ್ಕಿ, ತೂಕ ಕಟ್ಟಿ ಎಳೆದು ನೋಡುವುದು ಪದ್ಧತಿ. ಒಂದು ಕಿತ್ತು ಬಂದರೆ ಹಸಿರು, ಎರಡು ಬಂದರೆ ಕೆಂಪು. ಕೆಂಪಾದರೆ ಅವಳು ಗೊಣಗಿಕೊಂಡು ಮಾಲು ವಾಪಸ್ಸು ಒಯ್ದು, ಎಲ್ಲವನ್ನೂ ಎಳೆದು ನೋಡಿ ತರುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಆಮೇಲೆ ಡಬ್ಬಿ ಕೊಳ್ಳುವ ಕಂಪನಿಯವರು ಇಪ್ಪತ್ತು ಸಾಲದು, ಐನೂರು ನೋಡಿ ಎಂದರು. ಐನೂರು ನೋಡಿಯೂ ಮಾಲು ವಾಪಸ್ಸಾದರೆ ಅಂಥವರ ಹತ್ತಿರ ಮತ್ತೆ ಮಾಲು ಕೊಳ್ಳಕೂಡದು ಎಂದೂ ಷರತ್ತು ಹಾಕಿದರು.

ದಸರೆ ಕಳೆದ ಮೇಲೆ ಪುಟ್ಟಲಕ್ಷ್ಮಿಯ ಇಪ್ಪತ್ತು ಸಾವಿರ ವೈರಿನ ಮಾಲು ಬಂತು. ಎಲ್ಲ ಕಟ್ಟುಗಳಿಂದಲೂ ಒಂದಷ್ಟು ಹೆಕ್ಕಿ ಐನೂರು ಎಳೆದು ನೋಡಿದರು. ಹದಿಮೂರು ಕಿತ್ತು ಬಂದವು. ನೂರಕ್ಕೆ ಎರಡೆಂದರೆ ಐನೂರಕ್ಕೆ ಹತ್ತು, ಇಲ್ಲಿ ಮೂರು ಹೆಚ್ಚು. ಅಮೃತೇಶ ಹಾಳೆಯಲ್ಲಿ ತುಂಬಿದ. ಮನೆ ಕೆಂಪಾಗಿ, ನೂರಕ್ಕೆ ಏಳು ಚಿಲ್ಲರೆ ಎಂದು ತೋರಿಸಿತು.

ಅವನ ಮನಸ್ಸು ಅಲ್ಲೇ ಒಮ್ಮೆ ಹಿಂಜರಿದದ್ದು ನಿಜ. ಇನ್ನೊಂದು ಐನೂರು ನೋಡೋಣವೇ ಎಂದುಕೊಂಡ. ಆದರೆ ಪುಟ್ಟಲಕ್ಷ್ಮಿ ತನ್ನವಳು ಎಂಬುದು ಇಡೀ ಕಾರ್ಖಾನೆಗೆ ಗೊತ್ತು. ಬೇರೆಯವರ ಮಾಲಿಗೆ ಇಲ್ಲದ ಎರಡನೇ ಸಲ ಅವಳ ಮಾಲಿಗೆ ಯಾಕೆ ಎಂದು ನಾಲ್ಕು ಜನ ಕೇಳಿದರೆ? ನ್ಯಾಯವಂತ ಎನ್ನಿಸಿಕೊಳ್ಳುವ ಚಪಲ ಬಲು ಕೆಟ್ಟದ್ದು. ಅದು ಹತ್ತಿದವನು ಪರರಿಗೆ ತೋರಿಸುವಷ್ಟು ಕರುಣೆಯನ್ನೂ ತನ್ನವರಿಗೆ ತೋರಿಸುವುದಿಲ್ಲ. ಅಮೃತೇಶ ಕೆಂಪು ಹಾಳೆಯನ್ನು ಮ್ಯಾನೇಜರ್ ನಂಜುಂಡಸ್ವಾಮಿಯ ಮೇಜಿನ ಮೇಲಿಟ್ಟ. ಅವರು ಸಹಿ ಹಾಕಿದರು.

ಫೋನಿನಲ್ಲಿ ಹೇಳಿದರೆ ಚೆನ್ನಲ್ಲವೆಂದು ತಾನೇ ನರಸೀಪುರಕ್ಕೆ ಹೋದ. ಸಂಗಮದ ಕಡೆಗೆ ಹೋಗುವ ರಸ್ತೆಯಲ್ಲಿ ಶೆಡ್ಡು. ಹೆಂಗಸರು ಸಾಲಾಗಿ ಕೂತು ಲಗ್ಗು ಒತ್ತುತ್ತಿದ್ದರು. ಪುಟ್ಟಲಕ್ಷ್ಮಿ ಕೇಳಿಸಿಕೊಂಡು, ಮೂರು ಹೆಚ್ಚಾದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ, ಇನ್ನೊಂದು ಸಲ ಎಳೆದು ನೋಡಬಾರದೇ ಎಂದಳು. ಅವನು ಮೊಬೈಲಿನಲ್ಲಿ ಆ ಕೆಂಪು ಮನೆಯನ್ನು ತೋರಿಸಿದ. ನಿಮ್ಮ ಕೆಲಸ ಮೊದಲಿನ ಹಾಗೇ ಇದ್ದಿದ್ದರೆ ಹೀಗಾಗುವುದು ನೂರಕ್ಕೆ ಏಳು ಸಲ ಮಾತ್ರ, ಅಂದರೆ ಇಲ್ಲಿ ಏನೋ ಕೆಟ್ಟಿದೆ ಎಂದು ವಿವರಿಸಿದ.

"ಏನೋ ಅಂದ್ರೆ?" ಎಂದಳು ಅವಳು.

"ಯಾರ್ದೋ ಕೈ ಸರಿಯಾಗಿ ಒತ್ತುತಾ ಇಲ್ಲ ಕಣಕ್ಕಾ."

ಆ ಮಾತನ್ನು ಹಾಳೆ ಹೇಳಿರಲಿಲ್ಲ. ಅದು ಅವನೇ ಸೇರಿಸಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಶೆಡ್ಡಿನಲ್ಲಿ ಇಕ್ಕಳದ ಸದ್ದು ನಿಂತಿತು. ಹೆಂಗಸರೆಲ್ಲ ತಮ್ಮ ತಮ್ಮ ಕೈ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ, ವೈರನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದ ಚನ್ನಾಜಮ್ಮನ ಕಡೆ ನೋಡಿದರು.

"ಆಯ್ತು ಬಿಡಿ ಸಾ," ಎಂದಳು ಪುಟ್ಟಲಕ್ಷ್ಮಿ. "ನಿಮ್ ಕಂಪ್ಯೂಟರ್ ಏಳಿದ್ ಮ್ಯಾಲೆ ಮುಗೀತು."

ಅವಳು ಅವನನ್ನು 'ಏನ್ಲಾ' ಬಿಟ್ಟು 'ಸಾ' ಎಂದದ್ದು ಅದೇ ಮೊದಲು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ವೈರಿನ ಕೆಲಸ ಅದೇ ನೂರಕ್ಕೆ ಎರಡರ ಒಪ್ಪಂದದ ಮೇಲೆ ಬೆಂಗಳೂರು ರಸ್ತೆಯ ಕಡೆಯ ಬೇರೊಬ್ಬರ ಪಾಲಾಯಿತು. ಅವರ ಮಾಲಿನಲ್ಲಿ ಒಮ್ಮೆ ಎಂಟು ಕೆಟ್ಟವು, ಒಮ್ಮೆ ಹನ್ನೊಂದು. ಹಾಳೆ ಹಸಿರು ತೋರಿಸುತ್ತಲೇ ಹೋಯಿತು. ಯುಗಾದಿಯ ಆಸುಪಾಸಿನಲ್ಲಿ ಅವರದೇ ಒಂದು ಮಾಲು ಬಂತು. ಐನೂರು ಎಳೆದರೆ ನಾಲ್ಕೇ ನಾಲ್ಕು ಕಿತ್ತು ಬಂದವು. ಅಷ್ಟು ಒಳ್ಳೆಯ ಮಾಲು ಆ ಕಾರ್ಖಾನೆಗೆ ಬಂದೇ ಇರಲಿಲ್ಲ. ಅಮೃತೇಶ ಖುಷಿಯಿಂದ ನಾಲ್ಕು ಎಂದು ತುಂಬಿದ. ಮನೆ ಕೆಂಪಾಯಿತು. ನೂರಕ್ಕೆ ಎರಡೂ ಇಲ್ಲ, ಒಂದೂ ಮುಕ್ಕಾಲು ಚಿಲ್ಲರೆ ಎಂದಿತು.

ಬೆರಳು ತಪ್ಪಿರಬೇಕೆಂದು ಮತ್ತೆ ತುಂಬಿದ. ಮತ್ತೆ ಕೆಂಪು. ಹತ್ತು ಕೆಡಬಹುದಾದಲ್ಲಿ ನಾಲ್ಕೇ ಕೆಟ್ಟರೆ ಮಾಲು ವಾಪಸ್ಸು ಮಾಡಬೇಕೇ? ಅವನು ಸುಮ್ಮನೆ ಹತ್ತು ಎಂದು ತುಂಬಿ ನೋಡಿದ. ಒಪ್ಪಿದ ಮಾತಿಗೆ ಒಂದು ಕೂದಲೂ ಹೆಚ್ಚುಕಮ್ಮಿಯಿಲ್ಲದ ಹತ್ತು. ಹನ್ನೆರಡೂವರೆ ಚಿಲ್ಲರೆ ಬಂತು, ಅಷ್ಟೇ. ಹನ್ನೆರಡು ತುಂಬಿದರೆ ಆಗಲೇ ಕೆಂಪು. ಯಾವ ಸಂಖ್ಯೆ ತುಂಬಿದರೂ ಉತ್ತರ ನೂರಕ್ಕೆ ಹದಿಮೂರನ್ನು ದಾಟಲಿಲ್ಲ.

ಸೂತ್ರವನ್ನು ಬಿಚ್ಚಿ ನೋಡಿದ. ಅದರ ಕೊನೆಯಲ್ಲಿ ಒಂದು ಜಾಗವಿದೆ. ಅಲ್ಲಿ ಸೊನ್ನೆ ಬರೆದರೆ ಸರಿಯಾಗಿ ಅಷ್ಟೇ ಕೆಡುವ ಸಾಧ್ಯತೆ ಬರುತ್ತದೆ, ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. ಒಂದು ಎಂದು ಬರೆದರೆ ಸೊನ್ನೆಯಿಂದ ಹಿಡಿದು ಆ ಸಂಖ್ಯೆಯವರೆಗಿನ ಎಲ್ಲ ಸಾಧ್ಯತೆಗಳೂ ಕೂಡಿ ಬರುತ್ತವೆ. ಅವನು ಎಂದೋ ಸೊನ್ನೆ ಬರೆದಿಟ್ಟಿದ್ದ. ಅವನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಸರಿಯಾದ ಮಾಲಿನಲ್ಲಿ ಹದಿಮೂರು, ಅಥವಾ ಅದಕ್ಕಿಂತಲೂ ಹೆಚ್ಚು ಕೆಡುವುದು ಎಷ್ಟು ಅಪರೂಪ? ಅದಕ್ಕೆ ಹನ್ನೆರಡರವರೆಗಿನ ಮೊತ್ತವನ್ನು ತೆಗೆದು ಒಂದರಿಂದ ಕಳೆಯಬೇಕು. ಅದನ್ನು ಬಿಟ್ಟು ಇವನು ಕಟ್ಟುನಿಟ್ಟಾಗಿ ಹದಿಮೂರೇ ಬೀಳುವ ಸಾಧ್ಯತೆಯನ್ನು ಕೇಳಿ ಕೂತಿದ್ದ. ಐನೂರು ವೈರು ಎಳೆದರೆ ಏಳು ಕೆಡಬಹುದು, ಎಂಟು ಕೆಡಬಹುದು, ಹದಿನಾಲ್ಕೂ ಕೆಡಬಹುದು. ಒಂದೇ ಪಾತ್ರೆಯ ಅನ್ನವನ್ನು ಅಷ್ಟು ಎಲೆಗೆ ಬಡಿಸಿದರೆ ಯಾವ ಎಲೆಗೆ ತಾನೇ ಹೆಚ್ಚು ಬಿದ್ದೀತು? ಒಂದು ಎಲೆಯನ್ನು ನೋಡಿ ಊಟ ಕಡಿಮೆಯಾಯಿತು ಎಂದು ಅವನು ತೀರ್ಪು ಕೊಟ್ಟಿದ್ದ.

ಇಷ್ಟು ವರ್ಷ ಇದು ಯಾಕೆ ಗೊತ್ತಾಗಲಿಲ್ಲ? ಅವನು ಹಳೆಯ ಇಪ್ಪತ್ತರ ಲೆಕ್ಕ ಹಾಕಿ ನೋಡಿದ. ಇಪ್ಪತ್ತರಲ್ಲಿ ಎರಡು ಕೆಟ್ಟರೆ ತಪ್ಪು ಸೂತ್ರ ನೂರಕ್ಕೆ ಐದು ಚಿಲ್ಲರೆ ಎನ್ನುತ್ತಿತ್ತು, ಸರಿಯಾದದ್ದು ಆರು. ಎರಡೂ ಕೆಂಪೇ. ಒಂದು ಕೆಟ್ಟರೆ ತಪ್ಪಿನದು ಇಪ್ಪತ್ತೇಳು, ಸರಿಯಾದದ್ದು ಮೂವತ್ತಮೂರು. ಎರಡೂ ಹಸಿರೇ. ಇಪ್ಪತ್ತು ನೋಡುವಷ್ಟು ಕಾಲ ತಪ್ಪೂ ಸರಿಯೂ ಒಂದೇ ಬಣ್ಣ ಹಚ್ಚಿಕೊಂಡು ಕೂತಿದ್ದವು. ಐನೂರಾದ ಮೇಲೆ ತಪ್ಪಿನ ಬಣ್ಣ ಬೇರೆಯಾಯಿತು, ಅದು ಬಿದ್ದದ್ದು ಪುಟ್ಟಲಕ್ಷ್ಮಿಯ ತಲೆಯ ಮೇಲೆ. ಸೊನ್ನೆಯನ್ನು ಅಳಿಸಿ, ಹನ್ನೆರಡರವರೆಗಿನ ಮೊತ್ತ ತೆಗೆದು, ಒಂದರಿಂದ ಕಳೆದ. ನೂರಕ್ಕೆ ಇಪ್ಪತ್ತೊಂದು ಎಂಬಷ್ಟು ಬಂತು. ಯಾರ ಕೈಯೂ ಕೆಡದೆ, ಎಲ್ಲ ಎಂದಿನಂತೆ ಇದ್ದರೂ, ಐದು ಮಾಲಿನಲ್ಲಿ ಒಂದು ಮಾಲು ಹದಿಮೂರನ್ನು ಮುಟ್ಟುತ್ತದೆ, ಇಲ್ಲವೇ ದಾಟುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಂಜುಂಡಸ್ವಾಮಿಯವರಿಗೆ ಹೇಳಿದಾಗ ಅವರು ಬಾಗಿಲು ಹಾಕಿಸಿದರು. ಹೊಸಬರ ಮಾಲು ಚೆನ್ನಾಗೇ ಇದೆ, ಹಳೆಯದನ್ನು ಕೆದಕಬೇಡ, ಸೂತ್ರ ಸರಿಮಾಡಿಕೊಂಡು ಸುಮ್ಮನಿರು ಎಂದರು. ನಾಲಗೆ ಒಣಗುವ ಅಮೃತೇಶ ಅಂದು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಕೊಳ್ಳುವ ಕಂಪನಿಗೆ ತಪ್ಪು ತನ್ನದೇ ಎಂದು ಬರೆದುಕೊಡುತ್ತೇನೆ, ಅವಳನ್ನು ವಾಪಸ್ಸು ಕರೆಯಲೇಬೇಕು ಎಂದು ಹಟ ಹಿಡಿದ. ಕೊನೆಗೆ ಅವರು ಅರ್ಧ ಕೆಲಸ ಅವಳಿಗೆ ಕೊಡಲು ಒಪ್ಪಿದರು. ಅರ್ಧವಾದರೂ ಸಿಕ್ಕಿತಲ್ಲ ಎಂದು ಅವನು ಬೈಕು ಹತ್ತಿ ನರಸೀಪುರದ ದಾರಿ ಹಿಡಿದ. ಆ ದಾರಿಯುದ್ದಕ್ಕೂ ಅವನಿಗೆ ಒಂದೇ ಆಸೆ. ಪುಟ್ಟಲಕ್ಷ್ಮಿ ಮೊದಲಿನ ಹಾಗೆ 'ಏನ್ಲಾ' ಎಂದುಬಿಟ್ಟರೆ ಸಾಕು.

ಶೆಡ್ಡಿನ ಅರ್ಧ ಬಾಗಿಲು ಮುಚ್ಚಿತ್ತು. ಒಳಗೆ ಪುಟ್ಟಲಕ್ಷ್ಮಿಯೂ ಇನ್ನಿಬ್ಬರೂ ಲಂಗ ಹೊಲಿಯುತ್ತಿದ್ದರು. ಇಕ್ಕಳಗಳು ಎಣ್ಣೆ ಸವರಿಸಿಕೊಂಡು ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದವು. ಅಮೃತೇಶ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಸೊನ್ನೆಯ ಕತೆ, ನಾಲ್ಕು ಕೆಟ್ಟ ಮಾಲಿನ ಕತೆ, ಐದರಲ್ಲಿ ಒಂದರ ಕತೆ. ತಪ್ಪು ನನ್ನದು ಅಕ್ಕಾ, ನಿಮ್ಮದಲ್ಲ ಎಂದ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಹಂಗಾರೆ ಯಾರ್ ಕೈಯೂ ಕೆಟ್ಟಿರ್ನಿಲ್ವಾ?"

"ಇರ್ಲಿಲ್ಲ ಅಂತ ನಾನು ಆಣೆ ಇಟ್ಟು ಹೇಳಕ್ಕಾಗಲ್ಲ ಅಕ್ಕಾ. ಆದ್ರೆ ಕೆಟ್ಟಿತ್ತು ಅಂತ ಹೇಳೋಕೆ ನನ್ನತ್ರ ಏನೂ ಇರ್ಲಿಲ್ಲ. ಎಂದಿನ ಹಾಗೇ ಒತ್ತಿದ್ರೂ ಅಷ್ಟು ಕಿತ್ತು ಬರ್ತವೆ."

ಪುಟ್ಟಲಕ್ಷ್ಮಿ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎಳೆದು ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು.

"ನೀನು ಯಾರ್ದೋ ಕೈ ಅಂದೆ. ನಾನು ಆ ಕೈ ಹುಡುಕ್ದೆ. ಹುಡುಕುದ್ರೆ ಸಿಗದೆ ಇದ್ದದಾ? ಚಿಕ್ಕವ್ವಂಗೆ ಕಣ್ಣು ಮಂಜು ಅಂತ ಎಲ್ರಿಗೂ ಗೊತ್ತಿತ್ತು. ಎಲ್ರು ಮುಂದ್ಲೂ ಅಂದ್ಬುಟ್ಟೆ, ನಿನ್ನಿಂದ್ಲೇ ನಮ್ಮೆಲ್ರ ಅನ್ನ ಓಯ್ತು ಅಂತ. ನನ್ನ ಎತ್ತಿ ಆಡ್ಸಿದ ಕೈಗೆ ಅಂಗಂದೆ ಕಣಪ್ಪಾ."

ಚನ್ನಾಜಮ್ಮ ಎದುರಾಡಿರಲಿಲ್ಲವಂತೆ. ಇಕ್ಕಳವನ್ನು ಸೆರಗಿನಲ್ಲಿ ಒರೆಸಿ ಮೊಳೆಗೆ ಹಾಕಿ, ಮಗಳ ಊರು ಸೋಮನಾಥಪುರಕ್ಕೆ ಹೋದವಳು ಮತ್ತೆ ಬಂದಿರಲಿಲ್ಲ. ಅಮೃತೇಶ ತಂದಿದ್ದ ಅರ್ಧ ಕೆಲಸದ ಸುದ್ದಿ ಅವನ ಕೈಯಲ್ಲೇ ಉಳಿಯಿತು. ಕಾರ್ಖಾನೆಯಲ್ಲಿ ತಾನು ಕಳೆದದ್ದನ್ನು ಕಾರ್ಖಾನೆಯಿಂದಲೇ ತಂದುಕೊಡಬಹುದೆಂದುಕೊಂಡು ಅವನು ಬಂದಿದ್ದ. ಕಳೆದದ್ದು ಬೇರೆಯೇ ಆಗಿತ್ತು. ಅವನಿಗೆ ನಾಚಿಕೆಯಾಯಿತು. ನಡೀರಿ ಅಕ್ಕಾ, ಅವರಿಗೂ ನಾನೇ ಹೇಳುತ್ತೇನೆ ಎಂದ.

ಬೈಕಿನಲ್ಲಿ ಸೋಮನಾಥಪುರ ಮುಟ್ಟಿದಾಗ ಚನ್ನಾಜಮ್ಮ ಮಗಳ ಮನೆಯ ಜಗುಲಿಯ ಮೇಲೆ ಕೂತಿದ್ದಳು. ಕೈ ಎರಡೂ ಮಡಿಲಲ್ಲಿದ್ದವು. ಮಗಳು ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಹಿಂದೆಲ್ಲ ಅವ್ವನೇ ಕಟ್ಟುತ್ತಿದ್ದಳು, ಈಗ ಮುಟ್ಟುವುದಿಲ್ಲ ಎಂದು ಮಗಳು ತಾನಾಗಿಯೇ ಹೇಳಿದಳು. ಗಂಟು ಹಾಕಿದರೆ ಬಿಗಿಯಾಯಿತೇ ನೋಡು, ಬಿಗಿಯಾಯಿತೇ ನೋಡು ಎಂದು ಹತ್ತು ಸಲ ಕೇಳುತ್ತಾಳೆ, ಆಮೇಲೆ ಬೇಸತ್ತು ಕೈಬಿಡುತ್ತಾಳೆ. ಪುಟ್ಟಲಕ್ಷ್ಮಿ ಆ ಮಾತು ಕೇಳಿ ಮುಖ ಬೇರೆ ಕಡೆ ತಿರುಗಿಸಿದಳು.

ಅಮೃತೇಶ ಜಗುಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಸೂತ್ರ, ಸೊನ್ನೆ, ಒಂದು ಯಾವುದನ್ನೂ ಎತ್ತಲಿಲ್ಲ. ಆವತ್ತಿನ ತಪ್ಪು ನಿಮ್ಮದಲ್ಲ ಅವ್ವಾ, ನಾನು ಲೆಕ್ಕ ತಪ್ಪಿದೆ ಎಂದ. ಅವಳು ಅವನ ಮುಖವನ್ನು ಹತ್ತಿರದಿಂದ ನೋಡಿದಳು.

"ಹದಿಮೂರು ಕಿತ್ತು ಬಂದಿದ್ದು ಸುಳ್ಳಾ?"

"ಅದು ನಿಜ ಅವ್ವಾ."

"ಮತ್ತೆ ನನ್ನವಲ್ದಿದ್ರೆ ಯಾರ್ವು ಅವು?"

"ಎಲ್ಲರವೂ ಇರಬಹುದು. ನಿಮ್ಮದೂ ಒಂದೋ ಎರಡೋ ಇರಬಹುದು. ಆದ್ರೆ ಅದು ತಪ್ಪಲ್ಲ. ರಾಗಿ ಚೆಲ್ಲಿದ್ರೆ ಒಂದು ಸಲ ಹತ್ತು ಕಾಳು ಮೊಳೆಯಲ್ಲ, ಇನ್ನೊಂದು ಸಲ ಹದಿಮೂರು ಮೊಳೆಯಲ್ಲ. ಚೆಲ್ಲಿದ ಕೈ ಅದೇ ಅಲ್ವಾ?"

"ಮೊಳೀನಿಲ್ಲ ಅಂದ್ರೆ ಬೀಜದ್ದು ತಪ್ಪು. ಇಲ್ದಿದ್ರೆ ನೆಲದ್ದು. ಯಾರ್ದೂ ತಪ್ಪಿಲ್ದೆ ಎಂಗಪ್ಪಾ ಕೆಟ್ಟದು?"

ಅವನ ಹತ್ತಿರ ಉತ್ತರವಿತ್ತು. ಉತ್ತರ ಸರಿಯೂ ಇತ್ತು. ಆದರೆ ಅದನ್ನು ಇನ್ನೆಷ್ಟು ಸಲ ತಿರುಗಿಸಿ ಹೇಳಿದರೂ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಯಾರದೋ ಕೈ ಕೆಟ್ಟಿದೆ ಎಂಬ ಅವನ ಸುಳ್ಳು ಲೆಕ್ಕವನ್ನು ಇದೇ ಮುದುಕಿ ಒಂದು ಮಾತಿಗೆ ನಂಬಿ, ಇಕ್ಕಳ ಒರೆಸಿಟ್ಟು ಮನೆಗೆ ಬಂದಿದ್ದಳು. ಪುಟ್ಟಲಕ್ಷ್ಮಿ ಜಗುಲಿ ಹತ್ತಿ ಅವಳ ಪಕ್ಕ ಕೂತು, ಬಾ ಚಿಕ್ಕವ್ವಾ, ಕೆಲಸ ಮತ್ತೆ ಬಂದಿದೆ, ನೀನಿಲ್ಲದೆ ನಾನು ಶುರು ಮಾಡುವುದಿಲ್ಲ ಎಂದು ಅವಳ ಮಂಡಿ ಹಿಡಿದಳು. ಚನ್ನಾಜಮ್ಮ ಅವಳ ತಲೆ ಸವರಿದಳು.

"ಕೆಲ್ಸ ಬಂದದಲ್ಲ, ನೀವು ಮಾಡ್ಕಳಿ ಕವ್ವಾ. ನಾ ಬಂದು ಇನ್ನೊಂದ್ ದಪ ಕೆಡ್ಸೋದ್ ಬ್ಯಾಡ." ಆಮೇಲೆ ಅಮೃತೇಶನ ಕಡೆ ತಿರುಗಿ ಒಂದಿಷ್ಟು ನಕ್ಕಳು. "ನೀನು ಒಳ್ಳೇವ್ನು ಕಣಪ್ಪ. ಮುದ್ಕಿ ಮನ್ಸಿಗೆ ನೋವಾಗದೆ ಇರ್ಲಿ ಅಂತ ಇಷ್ಟ್ ದೂರ ಬಂದು ಸುಳ್ ಏಳ್ತಾ ಇದ್ದೀಯ."

ಬಿಸಿಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡಿದು ಹೋಗಿ ಎಂದು ಅವಳು ಎದ್ದು ಒಳಗೆ ಹೋದಳು. ಚೊಂಬನ್ನೂ ಎರಡು ಲೋಟವನ್ನೂ ತಂದು ಅವನ ಮುಂದೆ ಇಟ್ಟಳು. ಚೊಂಬನ್ನು ಎತ್ತಿದವಳು ಲೋಟದ ಮೇಲೆ ಅರೆಗಳಿಗೆ ಹಾಗೇ ಹಿಡಿದು, ಮತ್ತೆ ಕೆಳಗಿಟ್ಟಳು.

"ನೀನೇ ಬಗ್ಸವ್ವಾ," ಎಂದು ಮಗಳನ್ನು ಕರೆದಳು. "ನನ್ ಕೈಯ ನೆಚ್ಚಂಗಿಲ್ಲ."